ಹೊಸ ಸಪ್ಲೈಯರ್ ಹತ್ರ ದಾಖಲೆ ಒಂದೇ ಸಲ ಕೇಳೋದು ಹೇಗೆ?

ಪ್ರಶ್ನೆ, ಬದಿಯಡ್ಕದಿಂದ: ನಮ್ಮದು ಹಾಳೆತಟ್ಟೆ ಯೂನಿಟ್. ಪುತ್ತೂರಿನವರೊಬ್ಬರಿಂದ ರಟ್ಟಿನ ಬಾಕ್ಸ್ ತರಿಸಬೇಕು. ಇವತ್ತು ಪ್ಯಾನ್, ನಾಳೆ ಚೆಕ್ ಅಂತ ವಾಟ್ಸಾಪಲ್ಲಿ ಕೇಳಿ ಕೇಳಿ ಸಾಕಾಯ್ತು. ಒಂದೇ ಮೇಲ್‌ನಲ್ಲಿ ಏನೇನು ಕೇಳಲಿ?

ಉಪ್ಪಳದ ಅಕೌಂಟೆಂಟ್: ಹೀಗೆ ಕಳಿಸಿ ಅಕ್ಕ.

ವಿಷಯ: ಸಪ್ಲೈಯರ್ ನೋಂದಣಿ, ಶುಕ್ರವಾರದೊಳಗೆ ದಾಖಲೆ ಬೇಕು
ನಮಸ್ಕಾರ ಸರ್, ನಿಮ್ಮ ಮೊದಲ ಬಿಲ್ ಪಾಸಾಗಲು ಇವು ಬೇಕು. ಈ ಮೇಲ್‌ಗೇ ಉತ್ತರವಾಗಿ ಪಿಡಿಎಫ್ ಕಳಿಸಿ.
1. ಜಿಎಸ್‌ಟಿ ನೋಂದಣಿ ಪತ್ರ, ಎಲ್ಲ ಪುಟ
2. ಪ್ಯಾನ್
3. ಹೆಸರು ಮುದ್ರಿತವಾದ ಕ್ಯಾನ್ಸಲ್ ಚೆಕ್. ಹೆಸರಿಲ್ಲದಿದ್ದರೆ ಪಾಸ್‌ಬುಕ್ಕಿನ ಮೊದಲ ಪುಟ
4. ಉದ್ಯಮ್ ಪ್ರಮಾಣಪತ್ರ, ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ
5. ಲೆಕ್ಕ ನೋಡುವವರ ಹೆಸರು, ಫೋನ್

ಆ ‘ಇಲ್ಲ’ ಬರೆಸಲೇಬೇಕು. ಸುಮ್ಮನಿದ್ದರೆ ಮರೆತದ್ದೋ, ಇಲ್ಲವೋ ತಿಳಿಯುವುದಿಲ್ಲ. ಅವರು ಉದ್ಯಮ್‌ನಲ್ಲಿರುವ ಸಣ್ಣ ತಯಾರಕರಾದರೆ 15 ದಿನದಲ್ಲಿ, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾಗಿ ವರ್ಷ ದಾಟಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕಕ್ಕೆ ಸಿಗದು.

ಬಂದ ಮೇಲೆ ಪತ್ರಗಳನ್ನು ಒಂದಕ್ಕೊಂದು ತಾಳೆ ನೋಡಿ. ಪುತ್ತೂರಿನವರ ಜಿಎಸ್‌ಟಿ ನಂಬರ್ ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗಬೇಕು, ಕೇರಳದ ನಮ್ಮದು 32. ಅದರ ನಂತರದ ಹತ್ತು ಅಕ್ಷರ ಪ್ಯಾನ್ ಆಗಿರಬೇಕು. gst.gov.in ನಲ್ಲಿ Search Taxpayer ಒತ್ತಿ Active ಇದೆಯಾ ನೋಡಿ. Composition ಅಂತಿದ್ದರೆ ಅವರು ಬೇರೆ ರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ.

ಕುಂಬಳೆ ಅಂಗಡಿಯವರು: ಜಿಎಸ್‌ಟಿ ಇಲ್ಲದವರ ಹತ್ರ ಸರಕು ತಗೊಳ್ಳಲೇಬಾರದು ಮಾರಾಯ್ರೆ, ಅಷ್ಟೇ.

ಉಪ್ಪಳದ ಅಕೌಂಟೆಂಟ್: ಹಾಗಲ್ಲ ಅಣ್ಣ. ಕಾಸರಗೋಡಿನೊಳಗಿನ ಸಣ್ಣ ವ್ಯಾಪಾರಿಗೆ ನೋಂದಣಿ ಇಲ್ಲದಿದ್ದರೂ ತಗೊಳ್ಳಬಹುದು, ತೆರಿಗೆ ಕ್ರೆಡಿಟ್ ಸಿಗುವುದಿಲ್ಲ ಅಷ್ಟೆ. ಆದರೆ ಅಡ್ಕಸ್ಥಳದ ಗಡಿ ದಾಟಿ ಕರ್ನಾಟಕದಿಂದ ಬರುವ ಬಾಕ್ಸಿಗೆ, ವಹಿವಾಟು ಎಷ್ಟೇ ಚಿಕ್ಕದಿರಲಿ, ಮಾರುವವರಿಗೆ ನೋಂದಣಿ ಇರಬೇಕು.

ಎಣ್ಮಕಜೆಯಿಂದ: ನಾನು ಹಾಳೆ ಕೊಡುವವ. ಒಂದು ಕಡೆ ಸಹಿ ಹಾಕಿದ ಚೆಕ್ ಕೇಳಿದ್ರು. ಕೊಡಬಹುದಾ?

ಉಪ್ಪಳದ ಅಕೌಂಟೆಂಟ್: ಸಹಿ ಬೇಡವೇ ಬೇಡ. ಅಡ್ಡಕ್ಕೆ ಎರಡು ಗೆರೆ ಎಳೆದು ನಡುವೆ CANCELLED ಬರೆಯಿರಿ. ಖಾತೆ ನಂಬರೂ ಐಎಫ್‌ಎಸ್‌ಸಿಯೂ ಮುಚ್ಚಬಾರದು.

ಬದಿಯಡ್ಕದವರು: ಮೇಲ್ ಹಾಕಿದೆ, ಎಲ್ಲ ಬಂತು. ಜಿಎಸ್‌ಟಿಯಲ್ಲಿ ಅಂಗಡಿ ಹೆಸರೂ ಅವರ ಹೆಸರೂ ಇದೆ. ಚೆಕ್ ಮಾತ್ರ ಹೆಂಡತಿ ಹೆಸರಿನದ್ದು. ಉದ್ಯಮ್‌ನಲ್ಲಿ ವ್ಯಾಪಾರಿ ಅಂತಿದೆ, ಬಾಕ್ಸ್ ಮಾತ್ರ ಅವರೇ ಮಾಡ್ತಾರೆ.

ಉಪ್ಪಳದ ಅಕೌಂಟೆಂಟ್: ಒಬ್ಬರದೇ ಅಂಗಡಿಯಾದರೆ ಮಾಲೀಕರ ಹೆಸರಿನ ಖಾತೆಯೂ ಆಗುತ್ತದೆ, ಹೆಂಡತಿಯದ್ದು ಬೇಡ. ಬೇರೆ ಚೆಕ್ ಕೇಳಿ, ಬಂದ ಮೇಲೆ ಒಂದು ರೂಪಾಯಿ ಹಾಕಿ ಹೆಸರು ನೋಡಿಕೊಳ್ಳಿ. ಮುಂದೆ ‘ಖಾತೆ ಬದಲಾಗಿದೆ’ ಅಂತ ಮೇಲ್ ಬಂದರೆ ಆ ಮೇಲ್‌ನಲ್ಲಿರುವ ನಂಬರಿಗಲ್ಲ, ಈಗ ಕೊಟ್ಟ ನಂಬರಿಗೇ ಫೋನ್ ಮಾಡಿ. ಬರೀ ವ್ಯಾಪಾರಿಗೆ 45 ದಿನದ ಲೆಕ್ಕ ಇಲ್ಲ, ಆದರೆ ಅವರೇ ತಯಾರಿಸುವುದಾದರೆ ಏನು ಅಂತ ನಿಮ್ಮ ಆಡಿಟರ್ ಹತ್ರವೇ ಕೇಳಬೇಕು.

ಕುಂಬಳೆ ಅಂಗಡಿಯವರು: ನಮ್ಮ ಆಡಿಟರ್ ಬೇರೆಯೇ ಹೇಳ್ತಾರೆ.