ಒಪ್ಪಿಗೆ ಕೊಟ್ಟ ಧನ್ಯವಾದ ದೂರಿನ ಕೆಳಗೆ ಹೋಗಿ ಕೂತದ್ದು ಹೇಗೆ?

ಬೆಟ್ಟದಮನೆ (ಶಿರಸಿ):
ಯಾಣದ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಗೂಗಲ್‌ನಲ್ಲಿ ಬರುವ ಹೊಸ ರಿವ್ಯೂಗಳನ್ನು ಆರು ತಾಸಿಗೊಮ್ಮೆ ಶೀಟ್‌ಗೆ ತಂದು, ಪಕ್ಕದ ಕಾಲಮ್ಮಿನಲ್ಲಿ ಧನ್ಯವಾದದ ಕರಡನ್ನು ಬರೆದಿಡುವ ಸ್ಕ್ರಿಪ್ಟನ್ನು ಅಕ್ಕನ ಮಗ ಮಾಡಿಕೊಟ್ಟಿದ್ದಾನೆ. ನಾನು ಓದಿ "ಸರಿ" ಎಂದು ಗುರುತು ಹಾಕಿದರೆ ಉತ್ತರ ಹೋಗುತ್ತದೆ. ಭಾನುವಾರ ರಾತ್ರಿ ಒಬ್ಬರು ಐದು ನಕ್ಷತ್ರ ಕೊಟ್ಟು ಊಟವನ್ನು ಹೊಗಳಿದ್ದರು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ನಾನು ಬುಧವಾರ ಒಪ್ಪಿಗೆ ಕೊಟ್ಟೆ. ಆದರೆ ಅವರು ಸೋಮವಾರವೇ ಬಿಲ್ಲಿನಲ್ಲಿ ತಪ್ಪಿದೆಯೆಂದು ಅದನ್ನು ಎರಡು ನಕ್ಷತ್ರಕ್ಕೆ ಇಳಿಸಿ ತಿದ್ದಿದ್ದರಂತೆ. ಈಗ ಅವರ ದೂರಿನ ಕೆಳಗೆ "ನಮ್ಮಲ್ಲಿ ನಿಮಗೆ ಎಲ್ಲವೂ ಇಷ್ಟವಾದದ್ದು ಸಂತೋಷ" ಎಂಬ ನನ್ನ ಉತ್ತರವಿದೆ. ಶೀಟ್‌ನಲ್ಲಿ ಇಂದಿಗೂ ಐದೇ ನಕ್ಷತ್ರ ಕಾಣುತ್ತಿದೆ. ತಪ್ಪು ಎಲ್ಲಿದೆ?

ಕೋಣೆಯ ಗಣಕ (ಕುಮಟಾ):
ನಿಮ್ಮ ಸ್ಕ್ರಿಪ್ಟ್ ಕೊನೆಯ ಬಾರಿ ಓಡಿದ ಸಮಯವನ್ನು ನೆನಪಿಟ್ಟುಕೊಳ್ಳುತ್ತಿಲ್ಲ ಎನಿಸುತ್ತದೆ. ಆ ಸಮಯಕ್ಕಿಂತ ಈಚಿನ `createTime` ಇರುವ ರಿವ್ಯೂಗಳನ್ನಷ್ಟೇ ತೆಗೆದುಕೊಂಡರೆ ಹಳೆಯದು, ಹೊಸದು ಎಂಬ ಗೊಂದಲವೇ ಇರುವುದಿಲ್ಲ. ನಾನು ನಮ್ಮ ಅಂಗಡಿಗೆ ಮನೆಯ ಕಂಪ್ಯೂಟರಿನಲ್ಲಿಯೇ ಹೀಗೆ ಓಡಿಸುತ್ತಿದ್ದೇನೆ, ತೊಂದರೆ ಬಂದಿಲ್ಲ.

ಕಾಳಿದಂಡೆ (ಕಾರವಾರ):
ಸಮಯವನ್ನು ನೋಡಬೇಕೆಂಬ ಮಾತು ಸರಿ, ಆದರೆ ನೋಡಬೇಕಾದ ಸಮಯ ಅದಲ್ಲ. ಗ್ರಾಹಕರು ರಿವ್ಯೂ ತಿದ್ದಿದಾಗ ಹೊಸದೊಂದು ರಿವ್ಯೂ ಹುಟ್ಟುವುದಿಲ್ಲ. `reviewId` ಅದೇ ಇರುತ್ತದೆ, `createTime` ಕೂಡ ಭಾನುವಾರದ್ದೇ ಆಗಿರುತ್ತದೆ, ಬದಲಾಗುವುದು `updateTime` ಮಾತ್ರ. ಆದ್ದರಿಂದ ನೀವು ಹೇಳಿದಂತೆ ಮಾಡಿದರೂ ಸೋಮವಾರದ ತಿದ್ದುಪಡಿ ಕಣ್ಣಿಗೆ ಬೀಳುತ್ತಿರಲಿಲ್ಲ. ಬೆಟ್ಟದಮನೆಯವರ ಶೀಟ್‌ನಲ್ಲಿ ಐದು ನಕ್ಷತ್ರವೇ ಉಳಿದಿರುವುದನ್ನು ನೋಡಿದರೆ, ಅವರ ಸ್ಕ್ರಿಪ್ಟ್ "ಈ `reviewId` ಈಗಾಗಲೇ ಸಾಲಿನಲ್ಲಿದೆ" ಎಂದು ಅದನ್ನು ಬಿಟ್ಟು ಮುಂದೆ ಹೋಗಿದೆ ಎಂದೇ ತಿಳಿಯಬೇಕು. ಮೊದಲ ತೂತು ಇದು. ರಿವ್ಯೂ ಹೊಸದೇ ಎಂದು ನಿರ್ಧರಿಸಲು `reviewId` ಮತ್ತು `updateTime` ಎರಡನ್ನೂ ಒಟ್ಟಿಗೆ ಹೋಲಿಸಬೇಕು. ಗುರುತು ಅದೇ, ಸಮಯ ಬೇರೆ ಎಂದಾದರೆ ಸಾಲನ್ನು ಹೊಸ ಮಾತಿನಿಂದ ತುಂಬಿ, ಹಳೆಯ ಕರಡನ್ನೂ ಹಳೆಯ "ಸರಿ" ಗುರುತನ್ನೂ ಅಳಿಸಬೇಕು.

ಪ್ರತಿ ಓಟದಲ್ಲಿಯೂ ಕೊನೆಯ ಓಟದಿಂದ ಈಚಿನದನ್ನಷ್ಟೇ ಅಲ್ಲದೆ, ಎರಡು ದಿನ ಹಿಂದಿನಿಂದ ಓದುವುದು ಒಳ್ಳೆಯದು. ಮಧ್ಯೆ ಒಂದು ಓಟ ವಿಫಲವಾದರೆ ಮುಂದಿನದು ಅದನ್ನು ಹಿಡಿಯುತ್ತದೆ, ಎರಡು ಸಲ ಓದಿದರೂ ಮೇಲಿನ ಜೋಡಿ ಹೋಲಿಕೆಯಿಂದ ಸಾಲು ಎರಡಾಗುವುದಿಲ್ಲ. ಮನೆಯ ಕಂಪ್ಯೂಟರಿನ ವಿಷಯಕ್ಕೆ ಬಂದರೆ, ಆಷಾಢದಲ್ಲಿ ನಮ್ಮ ಜಿಲ್ಲೆಯ ಕರೆಂಟನ್ನು ನಂಬಿ ವೇಳಾಪಟ್ಟಿ ಹಾಕುವ ಧೈರ್ಯ ನನಗಿಲ್ಲ. ಆಪ್ಸ್ ಸ್ಕ್ರಿಪ್ಟ್‌ನ ಟ್ರಿಗರ್ ಗೂಗಲ್‌ನ ಯಂತ್ರದಲ್ಲಿ ಓಡುತ್ತದೆ.

ಬೆಟ್ಟದಮನೆ (ಶಿರಸಿ):
ನಮ್ಮದು ಆಪ್ಸ್ ಸ್ಕ್ರಿಪ್ಟೇ. ಹಾಗಾದರೆ ಸೋಮವಾರದ ಬದಲಾವಣೆ ಶೀಟ್‌ಗೆ ಬಂದಿದ್ದರೆ ನಾನು ಬುಧವಾರ ತಪ್ಪುತ್ತಿರಲಿಲ್ಲ, ಅಷ್ಟೇ ತಾನೆ?

ಕಾಳಿದಂಡೆ (ಕಾರವಾರ):
ಈ ಸಲ ತಪ್ಪುತ್ತಿರಲಿಲ್ಲ, ಆದರೆ ಎರಡನೆಯ ತೂತು ಹಾಗೆಯೇ ಉಳಿಯುತ್ತದೆ. ನೀವು ಬೆಳಿಗ್ಗೆ ಆರಕ್ಕೆ ಶೀಟ್‌ಗೆ ಬಂದ ಮಾತನ್ನು ಹತ್ತಕ್ಕೆ ಓದಿ ಒಪ್ಪುತ್ತೀರಿ; ಗ್ರಾಹಕರು ಒಂಬತ್ತಕ್ಕೆ ತಿದ್ದಿರುತ್ತಾರೆ; ಮುಂದಿನ ಸಂಗ್ರಹ ಮಧ್ಯಾಹ್ನ ಹನ್ನೆರಡಕ್ಕೆ. ನೀವು ಒಪ್ಪಿಗೆ ಕೊಟ್ಟದ್ದು ಆರು ಗಂಟೆಯ ಮಾತಿಗೆ, ಆದ್ದರಿಂದ ಕಳುಹಿಸುವ ಕ್ಷಣದಲ್ಲಿ ಆ ಒಂದು ರಿವ್ಯೂವನ್ನು ಮತ್ತೆ ತರಿಸಿಕೊಂಡು, ಅದು ಇನ್ನೂ ಅದೇ ಮಾತೇ ಎಂದು ನೋಡಬೇಕು.

```
const now = getReview(row.reviewId);
if (now.updateTime === row.updateTime && !now.reviewReply) {
  postReply(row);
} else {
  row.status = "RECHECK";
}
```

ಇಲ್ಲಿ `reviewReply` ಇದೆಯೇ ಎಂದು ಕೇಳುವುದಕ್ಕೂ ಕಾರಣವಿದೆ. ಉತ್ತರ ಕಳುಹಿಸುವ ಆ `PUT` ಕರೆ, ಉತ್ತರ ಇಲ್ಲದಿದ್ದರೆ ಹೊಸದನ್ನು ಸೇರಿಸುತ್ತದೆ, ಇದ್ದರೆ ಏನನ್ನೂ ಕೇಳದೆ ಅದರ ಮೇಲೆಯೇ ಬರೆಯುತ್ತದೆ. ನಿಮ್ಮ ಯಜಮಾನರು ಫೋನಿನಿಂದ ಕ್ಷಮೆ ಕೇಳಿ ಎರಡು ಒಳ್ಳೆಯ ಸಾಲು ಬರೆದಿದ್ದರೆ, ನಿಮ್ಮ ಕರಡು ಅದನ್ನು ನುಂಗಿಬಿಡುತ್ತದೆ. ಕಾರವಾರದ ಒಂದು ಮೀನೂಟದ ಹೋಟೆಲಿಗೆ ನಾನು ಇದನ್ನು ಮಾಡಿಕೊಟ್ಟಾಗ ಈ ಪರೀಕ್ಷೆಯನ್ನು ಮರೆತು, ಮಾಲಕರು ಕೈಯಾರೆ ಬರೆದ ಮೂರು ಉತ್ತರಗಳನ್ನು ಅಳಿಸಿದ್ದೆ. ಬೈಗುಳ ತಿಂದ ಮೇಲೆ ಬಂದ ತಿಳಿವಳಿಕೆ ಇದು.

ಓಂಕಡಲು (ಗೋಕರ್ಣ):
ನಮ್ಮದು ಸಮುದ್ರದ ದಂಡೆಯ ಕೆಫೆ. ಐದು ನಕ್ಷತ್ರ ಕೊಟ್ಟವರಿಗೆ ಧನ್ಯವಾದದ ಕರಡಿನಲ್ಲೇ "ಮುಂದಿನ ಬಾರಿ ಬಂದಾಗ ಈ ಉತ್ತರ ತೋರಿಸಿ, ಶೇಕಡ 10 ರಿಯಾಯಿತಿ ಪಡೆಯಿರಿ" ಎಂದು ತಾನಾಗಿ ಸೇರುವಂತೆ ಮಾಡಬಹುದೇ? ಅದಕ್ಕೂ ಒಪ್ಪಿಗೆ ಬೇಕೆ?

ಕಾಳಿದಂಡೆ (ಕಾರವಾರ):
ಇಲ್ಲಿನ ಪ್ರಶ್ನೆ ಅದಲ್ಲವಾದರೂ ಒಂದು ಮಾತು ಹೇಳುತ್ತೇನೆ. ರಿವ್ಯೂ ಬರೆಯಲು ರಿಯಾಯಿತಿಯ ಆಸೆ ತೋರಿಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ನೀವು ಕೊಡುವುದು ಬರೆದಾದ ಮೇಲೆಯೇ ಇರಬಹುದು, ಆದರೆ ಉತ್ತರ ಎಲ್ಲರಿಗೂ ಕಾಣುತ್ತದೆ, ಮುಂದಿನವರು ಅದನ್ನು ಓದಿಯೇ ಬರೆಯುತ್ತಾರೆ. ಕರಡಿನಲ್ಲಿ ಅದು ಬೇಡ.

ಅಘನಾಶಿನಿ (ಕುಮಟಾ):
ನನ್ನ ಅನುಭವದ ಇನ್ನೊಂದು ತೊಡಕನ್ನು ಸೇರಿಸುತ್ತೇನೆ. ಕನ್ನಡದಲ್ಲಿ ಬರೆದವರಿಗೆ ಕನ್ನಡದ ಕರಡು, ಇಂಗ್ಲಿಷಿನಲ್ಲಿ ಬರೆದವರಿಗೆ ಇಂಗ್ಲಿಷಿನ ಕರಡು ಎಂದು ಮಾಡಿಕೊಂಡಿದ್ದೆ. ಆದರೂ ಅಚ್ಚಕನ್ನಡದಲ್ಲಿ ಬರೆದವರಿಗೂ ಕೆಲವೊಮ್ಮೆ ಇಂಗ್ಲಿಷಿನಲ್ಲಿ ಧನ್ಯವಾದ ಸಿದ್ಧವಾಗುತ್ತಿತ್ತು. ನೋಡಿದರೆ, `comment` ಒಳಗೆ ಗ್ರಾಹಕರ ಮಾತಿನ ಜೊತೆಗೆ `(Translated by Google)` ಎಂಬ ಗುರುತು ಮತ್ತು ಅನುವಾದವೂ ಸೇರಿ ಬರುತ್ತದೆ. ಕೆಲವದರಲ್ಲಿ ಮೂಲ ಮೊದಲು, ಕೆಲವದರಲ್ಲಿ ಅನುವಾದ ಮೊದಲಿದ್ದು `(Original)` ಎಂಬುದರ ಕೆಳಗೆ ಮೂಲ. ಅನುವಾದದ ಭಾಗವನ್ನು ಕತ್ತರಿಸಿದ ಮೇಲೆಯೇ ಭಾಷೆಯನ್ನು ಗುರುತಿಸಬೇಕು.

ಬೆಟ್ಟದಮನೆ (ಶಿರಸಿ):
ಶೀಟ್‌ನಲ್ಲಿ ಆ ಸಾಲುಗಳನ್ನು ನಾನೂ ಕಂಡಿದ್ದೆ, ಗ್ರಾಹಕರೇ ಎರಡೆರಡು ಭಾಷೆಯಲ್ಲಿ ಬರೆಯುತ್ತಾರೆ ಎಂದುಕೊಂಡಿದ್ದೆ! ಹುಡುಗನ ಜೊತೆ ಕುಳಿತು ಎರಡೂ ಪರೀಕ್ಷೆಗಳನ್ನು ಹಾಕಿಸಿದೆ. ಒಪ್ಪಿಗೆಯ ಮುಂಚೆ ತಿದ್ದಿಸಿ ನೋಡೋಣವೆಂದು ನಮ್ಮ ಹೋಂಸ್ಟೇಗೆ ತಂಗಿಯಿಂದ ರಿವ್ಯೂ ಒಂದನ್ನು ಬರೆಸಲು ಹೊರಟಿದ್ದೆ. ಮನೆಯವರಿಂದ ಬರೆಸುವುದು ಸರಿಯಲ್ಲವೆಂದು ಅವನೇ ತಡೆದು, ಶೀಟ್‌ನ ಒಂದು ಸಾಲಿನಲ್ಲಿ `updateTime` ಅನ್ನು ಕೈಯಿಂದ ಬದಲಿಸಿ ಒಪ್ಪಿಗೆ ಕೊಡಿಸಿದ. ಉತ್ತರ ಹೋಗಲಿಲ್ಲ, `RECHECK` ಎಂದು ಬಂತು. ಬಿಲ್ಲಿನ ದೂರಿನ ಕೆಳಗಿದ್ದ ಉತ್ತರವನ್ನು ತೆಗೆದು, ಹೆಚ್ಚು ಪಡೆದ ಹಣ ಮರಳಿಸಿದ ವಿಷಯವನ್ನು ನಾನೇ ಬರೆದಿದ್ದೇನೆ.

ಆದರೆ ಮಾತಿಲ್ಲದೆ ನಕ್ಷತ್ರವಷ್ಟೇ ಕೊಟ್ಟವರ ಸಾಲಿನಲ್ಲಿ `comment` ಎಂಬುದೇ ಇರುವುದಿಲ್ಲವಲ್ಲ, ಅವರಿಗೂ ಕರಡು ಬೇಕೆ?

ಕೋಣೆಯ ಗಣಕ (ಕುಮಟಾ):
ಬೇಕು. ನಕ್ಷತ್ರ ಒತ್ತಲೂ ಅವರು ಸಮಯ ಕೊಟ್ಟಿದ್ದಾರೆ.

ಅಘನಾಶಿನಿ (ಕುಮಟಾ):
ನಾನು ಒಪ್ಪುವುದಿಲ್ಲ. ಏನನ್ನೂ ಹೇಳದವರಿಗೆ ಹೇಳುವ ಧನ್ಯವಾದ ಪ್ರತಿ ಸಲವೂ ಒಂದೇ ವಾಕ್ಯವಾಗುತ್ತದೆ, ಪುಟ ತೆರೆದವರಿಗೆ ಒಂದರ ಕೆಳಗೊಂದು ಅದೇ ಕಾಣುತ್ತದೆ. ಮೂರು ನಕ್ಷತ್ರವನ್ನಷ್ಟೇ ಕೊಟ್ಟವರಿಗೆ ಮಾತ್ರ, ಏನು ಕಡಿಮೆಯಾಯಿತೆಂದು ಕೇಳುವ ಕರಡನ್ನು ಇಟ್ಟುಕೊಂಡಿದ್ದೇನೆ. ಅದಕ್ಕೆ ಇದುವರೆಗೆ ಒಬ್ಬರೂ ಉತ್ತರಿಸಿಲ್ಲವೆಂಬುದೂ ನಿಜ.