ಮೊರಟೋರಿಯಂ ಅಂದರೆ ಸಾಲಮನ್ನಾ ಅಲ್ಲ ಅಂತ ಸಭೆಯಲ್ಲಿ ಹೇಗೆ ಹೇಳಿದಿರಿ?

ಕೇಳಿದವರು: ಮುಂದಿನ ವಾರ ನಮ್ಮ ಸಹಕಾರ ಸಂಘದ ಮಹಾಸಭೆ. ಈ ಸಲ ಮಳೆ ಕೈಕೊಟ್ಟಿದೆ. ಬೆಳೆಸಾಲದ ಅಸಲು, ಬಡ್ಡಿ, ಮೊರಟೋರಿಯಂ ಬಗ್ಗೆ ಹತ್ತು ನಿಮಿಷ ಮಾತಾಡು ಅಂದಿದ್ದಾರೆ. ಮಾತಾಡಿ ಅನುಭವ ಇದ್ದವರು ಹೇಳಿ.

ಸಂಘದ ಮಾಜಿ ಕಾರ್ಯದರ್ಶಿ: ನಾನು ಮೇಜಿನ ಮೇಲೆ ಹುಣಸೆ ಬೀಜ ಇಟ್ಟು ಹೇಳಿದ್ದೆ. ಒಂದು ಬೀಜ ಅಂದರೆ ಸಾವಿರ ರೂಪಾಯಿ. ನೂರು ಬೀಜದ ಗುಡ್ಡೆ ಅಸಲು. ವಾಣಿಜ್ಯ ಬ್ಯಾಂಕಿನ 7% ಬೆಳೆಸಾಲಕ್ಕೆ ವರ್ಷಕ್ಕೆ ಏಳು ಬೀಜ ಬಡ್ಡಿ. ಗಡುವಿನೊಳಗೆ ಕಟ್ಟಿದರೆ 3% ರಿಯಾಯಿತಿ, ಅಂದರೆ ನಾಲ್ಕೇ ಬೀಜ.

ಈಗ ಬೆಳೆ ಹೋಯಿತು, ಸಾಲ ಮರುಹೊಂದಾಣಿಕೆ ಆಯಿತು ಅಂದುಕೊಳ್ಳಿ. ಅಸಲು, ಅದುವರೆಗಿನ ಬಡ್ಡಿ ಎರಡೂ ಸೇರಿ ಅವಧಿ ಸಾಲ ಆಗುತ್ತದೆ. ಗುಡ್ಡೆ 107. ಒಂದು ವರ್ಷ ಯಾರೂ ಕೇಳಲು ಬರುವುದಿಲ್ಲ, ಅದೇ ಮೊರಟೋರಿಯಂ. ಆದರೆ ಆ ವರ್ಷವೂ ನಾನು ಏಳೂವರೆ ಬೀಜ ಹಾಕಿದೆ. ಹಿಂದಿನ ಬೆಂಚಿನಿಂದ ಒಬ್ಬರು, "ಅರ್ಧ ಬೀಜ ಯಾಕ್ರೀ?" ಅಂದರು. 107ಕ್ಕೆ 7% ಅಂದರೆ 7,490 ರೂಪಾಯಿ. ಬಡ್ಡಿಗೆ ಬಡ್ಡಿ ಅಲ್ಲೇ ಕಾಣಿಸಿತು. ಆಮೇಲೆ ನಾನು ಜಾಸ್ತಿ ವಿವರಿಸಬೇಕಾಗಲಿಲ್ಲ.

ಯುವ ನಿರ್ದೇಶಕ: ಆದರೆ ಸಂಘದ ಸಾಲಕ್ಕೆ ಬಡ್ಡಿಯೇ ಇಲ್ಲವಲ್ಲ ಸರ್. ಕರ್ನಾಟಕದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ. ಬೀಜ ಎಲ್ಲಿಂದ ಬಂತು?

ಸಂಘದ ಮಾಜಿ ಕಾರ್ಯದರ್ಶಿ: ಅರ್ಧ ಸರಿ ತಮ್ಮಾ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಅದು. ಅವರ ಬಡ್ಡಿಯನ್ನು ಸರ್ಕಾರ ತುಂಬುತ್ತದೆ. ಗಡುವು ದಾಟಿದರೆ ಬಡ್ಡಿ ನಿಮ್ಮ ತಲೆ ಮೇಲೆ. ಅದಕ್ಕೇ ಜನ ಗಡುವಿನ ಹಿಂದಿನ ದಿನ ಕೈಗಡ ತಂದು ಕಟ್ಟಿ, ಮತ್ತೆ ಎತ್ತುತ್ತಾರೆ. ಆ ಕೈಗಡದ ಬಡ್ಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ನೋಡಿ!

ಟ್ರ್ಯಾಕ್ಟರ್ ಇಟ್ಟುಕೊಂಡಿರುವವರು: ನನ್ನದೂ ಇದೇ ಕಥೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೊರೊನಾ ಟೈಮಲ್ಲಿ ಟ್ರ್ಯಾಕ್ಟರ್ ಕಂತು ಬಿಟ್ಟೆ. ಆರು ಕಂತು ಉಳಿಯಿತು ಅಂತ ಖುಷಿಪಟ್ಟಿದ್ದೆ. ಕೊನೆಗೆ ಕಂತುಗಳ ಸಂಖ್ಯೆಯೇ ಜಾಸ್ತಿ ಆಗಿತ್ತು.

ಮಹಿಳಾ ಸದಸ್ಯೆ: ಅದು ಬೇರೆ ಅಣ್ಣಾ, ಅದು ಬೆಳೆಸಾಲ ಅಲ್ಲ. ಇಲ್ಲಿ ಬೆಳೆ ನಷ್ಟ ಎಷ್ಟು ಅನ್ನೋದೇ ಮುಖ್ಯ. 33%ಕ್ಕಿಂತ ಕಡಿಮೆ ಇದ್ದರೆ ಮರುಹೊಂದಾಣಿಕೆಯೇ ಸಿಗಲ್ಲ. 33ರಿಂದ 50ರ ನಡುವೆ ಇದ್ದರೆ ಸಾಲ ತೀರಿಸಲು ಎರಡು ವರ್ಷದವರೆಗೆ ಅವಕಾಶ, ಅದಕ್ಕಿಂತ ಜಾಸ್ತಿ ಇದ್ದರೆ ಐದು ವರ್ಷ. ಮೊರಟೋರಿಯಂ ವರ್ಷವೂ ಅದರಲ್ಲೇ ಸೇರಿದೆ. ನಮ್ಮೂರಲ್ಲಿ ಇದನ್ನು ಸಭೆಯಲ್ಲಿ ಹೇಳಲೇ ಇಲ್ಲ. ಮುಂದಿನ ಐದು ವರ್ಷ ಏನೂ ಕೇಳಲ್ಲ ಅಂದುಕೊಂಡು ನಾವು ಸುಮ್ನೆ ಕೂತೆವು.

ಕೇಳಿದವರು: ಬೀಜ ತರುತ್ತೇನೆ. ಆದರೆ ಮರುಹೊಂದಾಣಿಕೆ ಆದಮೇಲೆ ಆ ಶೂನ್ಯ ಬಡ್ಡಿ ಏನಾಗುತ್ತೆ ಅಂತ ಯಾರಾದರೂ ಎದ್ದು ಕೇಳಿದರೆ?

ಸಂಘದ ಮಾಜಿ ಕಾರ್ಯದರ್ಶಿ: ಅದಕ್ಕೆ ಆ ವರ್ಷದ ಸರ್ಕಾರಿ ಆದೇಶವೇ ಉತ್ತರ. ಬಾಯಿಮಾತಲ್ಲಿ ಹೇಳಬೇಡಿ. ಡಿಸಿಸಿ ಬ್ಯಾಂಕಿನಿಂದ ಬರಹದಲ್ಲಿ ತಂದುಕೊಂಡೇ ವೇದಿಕೆ ಹತ್ತಿ.