ಹೆಸರು ಬದಲಾಯಿತು, ಲಿಂಕ್ ಮಾತ್ರ ಹಳೇದೇ: ಲಿಂಕ್ಡ್‌ಇನ್ ಪ್ರೊಫೈಲ್ ವಿಳಾಸ ಬದಲಿಸೋಕೆ ಆಗ್ತಿಲ್ಲ

ತುಂತುರು:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಪ್ರೊಫೈಲ್‌ನಲ್ಲಿ ಹೆಸರು ಬದಲಿಸಿದೆ, ಹುದ್ದೆನೂ ಬದಲಿಸಿದೆ. ಎರಡೂ ಸರಿಯಾಗಿ ಕಾಣುತ್ತಿವೆ. ಲಿಂಕ್ ಮಾತ್ರ ಹಳೇ ಹೆಸರಲ್ಲೇ ಇದೆ, ಜೊತೆಗೆ ಬಿಟ್ಟು ಬಂದ ಹುದ್ದೆ ಬೇರೆ ಬಾಲದ ಹಾಗೆ ಅಂಟಿಕೊಂಡಿದೆ. ಬದಲಿಸೋಕೆ ಹೋದರೆ ಆಗಲ್ಲ ಅನ್ನುತ್ತೆ. ಮುಂದಿನ ವಾರ ಅರ್ಜಿ ಕಳಿಸಬೇಕು. ಯಾರಾದರೂ ಹೇಳಿ. ನಿಜವಾದ ಹೆಸರು ಮುಚ್ಚಿ ಬರೆದಿದ್ದೇನೆ.

```
ಈಗ:   linkedin.com/in/hesaru-haleyadu-testlead
ಬೇಕು: linkedin.com/in/hesaru-hosadu
```

ಕೀಲಿಮಣೆ ಕಿಟ್ಟ:
ಬ್ರೌಸರ್ ಕ್ಯಾಶ್ ಅಷ್ಟೇ ಮೇಡಂ. ಕ್ಲಿಯರ್ ಮಾಡಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ನನಗೂ ಹೀಗೇ ಆಗಿತ್ತು, ಫೋಟೋ ಬದಲಿಸಿದಾಗ.

ಹಳೇ ಮೋಡೆಮ್:
ಹೆಸರು ಬದಲಿಸಿದರೆ ಲಿಂಕ್ ತಾನಾಗಿ ಬದಲಾಗಲ್ಲ. ಹುದ್ದೆ ಬದಲಿಸಿದರೂ ಇಲ್ಲ. ಅದು ಬೇರೆಯದೇ ಸೆಟ್ಟಿಂಗ್. ಕಂಪ್ಯೂಟರ್‌ನಲ್ಲಿ ನಿಮ್ಮ ಪ್ರೊಫೈಲ್ ತೆರೆದರೆ ಬಲಗಡೆ `Public profile & URL` ಅಂತ ಇರುತ್ತೆ, ಪಕ್ಕದಲ್ಲಿ ಪೆನ್ಸಿಲ್. ಒತ್ತಿದರೆ ಇನ್ನೊಂದು ಪುಟ ತೆರೆಯುತ್ತೆ. ಅಲ್ಲೂ ಬಲಗಡೆಗೆ `Edit your custom URL`, ಅಲ್ಲೊಂದು ಪೆನ್ಸಿಲ್. `/in/` ಆದ ಮೇಲಿನ ತುಂಡನ್ನು ಮಾತ್ರ ಬದಲಿಸಿ ಸೇವ್ ಮಾಡಬೇಕು.

ಆದರೆ ನೀವು "ಆಗಲ್ಲ ಅನ್ನುತ್ತೆ" ಅಂತ ಬರೆದಿದ್ದೀರಿ. ಏನು ಅನ್ನುತ್ತೆ? ಅದನ್ನೇ ಬಿಟ್ಟಿದ್ದೀರಲ್ಲ! ಲಿಂಕ್ ತಪ್ಪು ಅನ್ನುತ್ತಾ, ಬೇರೆಯವರು ತಗೊಂಡಿದ್ದಾರೆ ಅನ್ನುತ್ತಾ, ಜಾಸ್ತಿ ಸಲ ಬದಲಿಸಿದ್ದೀರಿ ಅನ್ನುತ್ತಾ? ಮೂರಕ್ಕೂ ಮದ್ದು ಬೇರೆ ಬೇರೆ.

ಗುಬ್ಬಿಗೂಡು:
ಕಂಪನಿ ಪೇಜ್‌ಗಾದರೆ ಅಡ್ಮಿನ್ ಆಗಿರಬೇಕು. ನಿಮ್ಮನ್ನು ಅಡ್ಮಿನ್ ಮಾಡಿದ್ದಾರಾ ಮೊದಲು ನೋಡಿ. ನಮ್ಮ ಸಂಘದ ಪೇಜ್‌ಗೆ ನಾನು ಮೂರು ತಿಂಗಳು ಅಲೆದಾಡಿದ್ದೀನಿ.

ತುಂತುರು:
@ಗುಬ್ಬಿಗೂಡು ಕಂಪನಿ ಪೇಜ್ ಅಲ್ಲ, ನನ್ನ ಸ್ವಂತ ಪ್ರೊಫೈಲ್.
@ಹಳೇ ಮೋಡೆಮ್ ಆ ಪುಟಕ್ಕೇ ಹೋಗಿದ್ದೆ ಸರ್. ಟೈಪ್ ಮಾಡಿದ ತಕ್ಷಣ ಕೆಂಪು ಸಾಲು. ಬೇರೆ ಯಾರೋ ಇಟ್ಕೊಂಡಿದ್ದಾರೆ ಅನ್ನೋ ಅರ್ಥ. ಆದರೆ ನನ್ನ ಹೆಸರು ಅಷ್ಟು ಸಾಮಾನ್ಯವಾದದ್ದಲ್ಲ. ಇಡೀ ಊರಲ್ಲಿ ಹುಡುಕಿದರೂ ಇನ್ನೊಬ್ಬಳು ಸಿಗಲ್ಲ.

ಕೀಲಿಮಣೆ ಕಿಟ್ಟ:
ಹಾಗಾದರೆ ಖಂಡಿತ ಕ್ಯಾಶ್. ಇನ್‌ಕಾಗ್ನಿಟೋದಲ್ಲಿ ಪ್ರಯತ್ನ ಮಾಡಿ.

ತುಂತುರು:
ಮಾಡಿದೆ. ಅದೇ ಕೆಂಪು ಸಾಲು.

ಕೀಲಿಮಣೆ ಕಿಟ್ಟ:
ಬೇರೆ ಬ್ರೌಸರ್?

ತುಂತುರು:
ಅದೂ ಆಯ್ತು. ಫೋನಲ್ಲೂ ನೋಡಿದೆ.

ಕೀಲಿಮಣೆ ಕಿಟ್ಟ:
ಡಿಎನ್‌ಎಸ್ ಕ್ಯಾಶ್ ಅಂತಾನೂ ಒಂದಿರುತ್ತೆ...

ಹಳೇ ಮೋಡೆಮ್:
ಕಿಟ್ಟಣ್ಣ, ಕ್ಯಾಶ್ ಬಿಡಿ ಮಾರಾಯ್ರೇ. ಖಾಲಿ ಇದೆಯಾ ಇಲ್ಲವಾ ಅಂತ ಹೇಳೋದು ಅವರ ಸರ್ವರ್, ಇವರ ಬ್ರೌಸರ್ ಅಲ್ಲ.

ತುಂತುರು ಅವರೇ, ಬೇಕಾದ ಲಿಂಕನ್ನೇ ಅಡ್ರೆಸ್ ಬಾರ್‌ನಲ್ಲಿ ಹಾಕಿ ತೆರೆಯಿರಿ. ಲಾಗಿನ್ ಆಗಿರೋ ವಿಂಡೋದಲ್ಲೇ ತೆರೆಯಬೇಕು. ಇನ್‌ಕಾಗ್ನಿಟೋದಲ್ಲಿ ಬರೀ ಲಾಗಿನ್ ಪುಟ ಬರಬಹುದು, ಅದರಿಂದ ಒಳಗೆ ಯಾರಿದ್ದಾರೆ ಅಂತ ಗೊತ್ತಾಗಲ್ಲ. ಯಾರದ್ದಾದರೂ ಪ್ರೊಫೈಲ್ ಬಂದರೆ ಮಾತು ಮುಗೀತು. ಮೊದಲು ಬಂದವರಿಗೆ ಮೊದಲ ಮಣೆ, ಬಿಡಿಸಿ ಕೊಡಿ ಅಂದರೆ ಕೊಡಲ್ಲ. ಏನೂ ಬರದಿದ್ದರೂ ಖಾಲಿ ಇದೆ ಅಂತ ಅಲ್ಲ.

ಇನ್ನೊಂದು ಪ್ರಶ್ನೆ. ಈ ಎರಡು ದಿನದಲ್ಲಿ ಎಷ್ಟು ಸಲ ಬದಲಿಸಿ ಸೇವ್ ಮಾಡಿದ್ದೀರಿ?

ತುಂತುರು:
ಸೇವ್ ಆಗಿದ್ದು ಮೂರು ಸಲ. ಹಿಂದೆಮುಂದೆ ಅಕ್ಷರ ಸೇರಿಸಿ ನೋಡಿದೆ, ಚೆನ್ನಾಗಿ ಕಾಣಲಿಲ್ಲ ಅಂತ ಮತ್ತೆ ಹಳೇದಕ್ಕೇ ಹಾಕಿದೆ. ಯಾಕೆ?

ಹಳೇ ಮೋಡೆಮ್:
ಯಾಕೆ ಅಂದರೆ 6 ತಿಂಗಳಲ್ಲಿ 5 ಸಲ ಮಾತ್ರ ಬದಲಿಸೋಕೆ ಬಿಡ್ತಾರೆ. ಹಳೇದಕ್ಕೆ ವಾಪಸ್ ಹಾಕಿದ್ದೂ ಒಂದು ಬದಲಾವಣೆಯೇ. ನಿಮ್ಮ ಹತ್ತಿರ ಉಳಿದಿರೋದು ಎರಡು. ದಯವಿಟ್ಟು ಇನ್ನು ಪ್ರಯೋಗ ಬೇಡ. ಯಾವುದು ಬೇಕು ಅಂತ ಕಾಗದದ ಮೇಲೆ ಬರೆದು ಗಟ್ಟಿ ಮಾಡ್ಕೊಂಡು ಆಮೇಲೆ ಕೈ ಹಾಕಿ.

ಸರ್ವರ್‌ಸ್ವಾಮಿ:
ಇವೆಲ್ಲ ತಲೆನೋವೇ ಬೇಡ ಅಂತ ನಾನು ಸ್ವಂತ ಡೊಮೇನ್ ಇಟ್ಕೊಂಡಿದ್ದೀನಿ. ವಿಸಿಟಿಂಗ್ ಕಾರ್ಡ್, ರೆಸ್ಯೂಮೆ, ಮೇಲ್ ಸಹಿ ಎಲ್ಲದರಲ್ಲೂ ನನ್ನ ಡೊಮೇನ್‌ದೇ ಲಿಂಕ್. ಅದು ಪ್ರೊಫೈಲ್‌ಗೆ ಕಳಿಸುತ್ತೆ. ಲಿಂಕ್ಡ್‌ಇನ್ ಲಿಂಕ್ ಬದಲಾದರೆ ನಾನು ಒಂದು ಸಾಲು ಬದಲಿಸ್ತೀನಿ, ಮುಗೀತು. ಅಪಾಚೆಯಲ್ಲಿ ಇಷ್ಟೇ:

```
Redirect 301 /li https://www.linkedin.com/in/hesaru-hosadu
```

ಮನೆಯಲ್ಲೇ ಪುಟ್ಟ ಬೋರ್ಡ್ ಮೇಲೆ ಓಡಿಸ್ತಾ ಇದ್ದೀನಿ. 400 ದಿನದಿಂದ ಒಂದು ಸಲವೂ ರೀಸ್ಟಾರ್ಟ್ ಮಾಡಿಲ್ಲ.

ಹಳೇ ಮೋಡೆಮ್:
ಉಪಾಯ ಒಳ್ಳೇದೇ ಸ್ವಾಮಿಗಳೇ, ಆದರೆ 301 ಯಾಕೆ? ಅದು ಕಾಯಂ ಅಂತ ಹೇಳೋ ಸಂಖ್ಯೆ. ಒಂದು ಸಲ ಬಂದವರ ಬ್ರೌಸರ್ ಅದನ್ನು ನೆನಪಿಟ್ಕೊಂಡು, ಮುಂದಿನ ಸಲ ನಿಮ್ಮ ಸರ್ವರ್ ಕೇಳದೇ ನೇರ ಹಳೇ ಜಾಗಕ್ಕೇ ಹೋಗಬಹುದು. ನಾಳೆ ಬದಲಿಸೋ ಉದ್ದೇಶ ಇದ್ದರೆ 302 ಹಾಕಿ.

ಕೀಲಿಮಣೆ ಕಿಟ್ಟ:
ನೋಡಿದ್ರಾ? ಕ್ಯಾಶ್! 😄

ಸರ್ವರ್‌ಸ್ವಾಮಿ:
ಸರ್ಚ್ ಎಂಜಿನ್‌ಗೆ 301 ಒಳ್ಳೇದು ಅಂತ ಎಲ್ಲರಿಗೂ ಗೊತ್ತು. ಹನ್ನೊಂದು ವರ್ಷದಿಂದ ಸರ್ವರ್ ನೋಡ್ಕೊಳ್ತಾ ಇರೋನು ನಾನು.

ಹಳೇ ಮೋಡೆಮ್:
ಪ್ರೊಫೈಲ್‌ಗೆ ಕಳಿಸೋ ಒಂದು ಸಾಲಿಗೆ ಸರ್ಚ್ ಎಂಜಿನ್ ಏನು ಮಾಡಬೇಕು ಹೇಳಿ. ಸರಿ, ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಜಗಳ ಆಡೋಣ.

ತುಂತುರು:
ಎಲ್ಲರೂ ಸ್ವಲ್ಪ ನಿಲ್ಲಿ. ಲಿಂಕ್ ತೆರೆದೆ. ನನಗೆ ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಅದು ನಾನೇ.

ಬೂದು ಬಣ್ಣದ ಖಾಲಿ ತಲೆ, ಫೋಟೋ ಇಲ್ಲ. ಕೆಳಗೆ "ವಿದ್ಯಾರ್ಥಿನಿ" ಅಂತ ಇದೆ. ಎರಡು ಕನೆಕ್ಷನ್. ಒಬ್ಬಳು ನನ್ನ ಹಾಸ್ಟೆಲ್ ರೂಮ್‌ಮೇಟ್. ಕಾಲೇಜಲ್ಲಿ ಯಾರೋ ಪ್ಲೇಸ್‌ಮೆಂಟ್‌ಗೆ ಬೇಕು ಅಂದಿದ್ದಕ್ಕೆ ತೆರೆದು ಮರೆತಿದ್ದೆ.

ಮೊದಲೇ ಹೇಳಬೇಕಿತ್ತು. ಹೊಸ ಹೆಸರು ಅಂದರೆ ನಿಜಕ್ಕೂ ಹೊಸದಲ್ಲ. ಮದುವೆ ಆದಾಗ ಹೆಸರು ಬದಲಿಸಿದ್ದೆ, ಈಗ ಮತ್ತೆ ತವರಿನ ಹೆಸರಿಗೆ ಬಂದಿದ್ದೀನಿ. ಅದು ಇಲ್ಲಿ ಮುಖ್ಯ ಅಂತ ಅನ್ನಿಸಿರಲಿಲ್ಲ.

ಗುಬ್ಬಿಗೂಡು:
ಅಯ್ಯೋ ನಿಮ್ಮ ಜಾಗಕ್ಕೆ ನೀವೇ ಟವೆಲ್ ಹಾಕಿ ಎದ್ದು ಹೋಗಿದ್ದೀರಲ್ಲ ಮೇಡಂ.

ಹಳೇ ಮೋಡೆಮ್:
ಇಡೀ ಊರಲ್ಲಿ ಇನ್ನೊಬ್ಬಳು ಇಲ್ಲ ಅಂದಿದ್ದು ಸರಿಯೇ ಆಯ್ತು. 🙂 ಆ ಖಾತೆಗೆ ಲಾಗಿನ್ ಆಗ್ತೀರಾ? ಅದರಲ್ಲಿರೋ ಇಮೇಲ್ ಈಗಲೂ ಇದೆಯಾ?

ತುಂತುರು:
ಕಾಲೇಜ್ ಕೊಟ್ಟಿದ್ದ ಇಮೇಲ್. ಯಾವತ್ತೋ ನಿಂತು ಹೋಯ್ತು.

ಕೀಲಿಮಣೆ ಕಿಟ್ಟ:
ಇನ್ನೊಂದು ಖಾತೆಯಿಂದ ರಿಪೋರ್ಟ್ ಹೊಡೀರಿ, ಫೇಕ್ ಅಂತ. ತೆಗೆದು ಹಾಕ್ತಾರೆ.

ಹಳೇ ಮೋಡೆಮ್:
ಬೇಡವೇ ಬೇಡ. ಅದು ಫೇಕ್ ಅಲ್ಲ, ಇವರದ್ದೇ. ಒಂದೇ ಹೆಸರಿನ ಎರಡು ಖಾತೆ, ಒಂದು ಇನ್ನೊಂದರ ಮೇಲೆ ದೂರು ಕೊಟ್ಟರೆ ಅವರು ಯಾವುದನ್ನು ನಂಬಬೇಕು? ಚಾಲ್ತಿ ಖಾತೆಗೇ ಪೆಟ್ಟು ಬಿದ್ದರೆ ಏನು ಮಾಡ್ತೀರಿ?

ಇಮೇಲ್ ಇಲ್ಲದಿದ್ದರೆ ಗುರುತಿನ ಚೀಟಿ ತೋರಿಸಿ ಖಾತೆ ವಾಪಸ್ ಪಡೆಯೋ ದಾರಿ ಇದೆ. ಪಾಸ್‌ವರ್ಡ್ ಮರೆತಿದ್ದೀನಿ ಅಂತ ಶುರು ಮಾಡಿ, ಆ ಇಮೇಲ್ ನನ್ನ ಕೈಯಲ್ಲಿಲ್ಲ ಅನ್ನೋ ಆಯ್ಕೆ ಹಿಡಿಯಿರಿ. ಚೀಟಿಯಲ್ಲಿ ಇರೋ ಹೆಸರು ಆ ಹಳೇ ಖಾತೆಯ ಹೆಸರಿಗೆ ಹೊಂದಬೇಕು. ನೀವು ತವರಿನ ಹೆಸರಿಗೆ ದಾಖಲೆ ಬದಲಿಸಿಕೊಂಡಿದ್ದರೆ ಅದೃಷ್ಟ.

ಒಳಗೆ ಹೋದ ಮೇಲೆ ಸಿಟ್ಟಲ್ಲಿ ತಕ್ಷಣ ಖಾತೆ ಮುಚ್ಚಬೇಡಿ. ಮುಚ್ಚಿದರೆ ಲಿಂಕ್ ಯಾವಾಗ ಖಾಲಿ ಆಗುತ್ತೋ ನಿಮ್ಮ ಹಿಡಿತದಲ್ಲಿ ಇರಲ್ಲ. ಮೊದಲು ಆ ಖಾತೆಯ ಲಿಂಕನ್ನು ಬೇರೆ ಏನೋ ಒಂದಕ್ಕೆ ಬದಲಿಸಿ. ಆಮೇಲೆ ಚಾಲ್ತಿ ಖಾತೆಯಲ್ಲಿ ಬೇಕಾದದ್ದನ್ನು ಕೇಳಿ ನೋಡಿ. ಬಿಟ್ಟ ಲಿಂಕ್ ಆ ಕ್ಷಣವೇ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ಮುಂದಿನ ವಾರ ಅರ್ಜಿ ಇದೆ ಅಂದ್ರಲ್ಲ, ಅದಕ್ಕೆ ಇನ್ನೊಂದು ಲಿಂಕ್ ಈಗಲೇ ಇಟ್ಕೊಳ್ಳಿ.

ತುಂತುರು:
ಇನ್ನೊಂದು ಅಂದರೆ ಯಾವುದು? ಹೊಸ ಹುದ್ದೆ ಸೇರಿಸಲಾ, `hesaru-hosadu-manager` ಅಂತ?

ಹಳೇ ಮೋಡೆಮ್:
ಈಗ ಅಳ್ತಾ ಇರೋದೇ `testlead` ಅನ್ನೋ ಬಾಲಕ್ಕೆ ಅಲ್ವಾ? ಹುದ್ದೆ ಎರಡು ವರ್ಷಕ್ಕೆ ಬದಲಾಗುತ್ತೆ. ಮಧ್ಯದ ಹೆಸರೋ ಇನಿಷಿಯಲ್ಲೋ ಸೇರಿಸಿ. ಇಲ್ಲವೇ ಹೆಸರಿನ ಕ್ರಮ ತಿರುಗಿಸಿ. 3ರಿಂದ 100 ಅಕ್ಷರದವರೆಗೆ ಜಾಗ ಇದೆ, ಸ್ಪೇಸ್ ಬೇಡ. ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ, ಆದ್ದರಿಂದ `Hesaru` ಅಂತ ಬರೆದು ಬೇರೆ ಆಯ್ತು ಅಂದ್ಕೋಬೇಡಿ.

ಸರ್ವರ್‌ಸ್ವಾಮಿ:
ನನ್ನದರಲ್ಲಿ ಹುದ್ದೆ ಇದೆ, ಏನೂ ತೊಂದರೆ ಆಗಿಲ್ಲ.

ಗುಬ್ಬಿಗೂಡು:
ಹನ್ನೊಂದು ವರ್ಷದಿಂದ ಅದೇ ಹುದ್ದೆ ಅಲ್ವಾ ಸ್ವಾಮಿಗಳೇ.

ತುಂತುರು:
(ಆರು ದಿನ ಆದ ಮೇಲೆ) ಚೀಟಿ ಕಳಿಸಿದೆ, ಖಾತೆ ಸಿಕ್ತು. ಅದರ ಲಿಂಕ್ ಬದಲಿಸಿದೆ. ಚಾಲ್ತಿ ಖಾತೆಯಲ್ಲಿ ಕೇಳಿದರೆ ಇನ್ನೂ ಅದೇ ಕೆಂಪು ಸಾಲು. ಕಾಯೋಕೆ ಆಗಲ್ಲ ಅಂತ ಅಪ್ಪನ ಇನಿಷಿಯಲ್ ಸೇರಿಸಿ `hesaru-k-hosadu` ಹಾಕಿದೆ. ತಕ್ಷಣ ಆಯ್ತು. ಇನ್ನು ಒಂದು ಬದಲಾವಣೆ ಉಳಿದಿದೆ, ಮುಟ್ಟಲ್ಲ.

ಆದರೆ ಇನ್ನೊಂದು ವಿಚಿತ್ರ. ರೆಸ್ಯೂಮೆ ಪಿಡಿಎಫ್‌ನಲ್ಲಿ ಹೊಸ ಲಿಂಕ್ ಬರೆದಿದ್ದೀನಿ, ಕಣ್ಣಿಗೆ ಹೊಸದೇ ಕಾಣುತ್ತೆ, ಒತ್ತಿದರೆ ಹಳೇದಕ್ಕೆ ಹೋಗುತ್ತೆ.

ಕೀಲಿಮಣೆ ಕಿಟ್ಟ:
ಹೇಳಲಾ? ಬೇಡ, ಬಿಡಿ.

ಹಳೇ ಮೋಡೆಮ್:
ವರ್ಡ್‌ನಲ್ಲಿ ಅಕ್ಷರ ಬದಲಿಸಿದ್ದೀರಿ, ಅದರ ಅಡಿಯಲ್ಲಿ ಕೂತಿರೋ ಹೈಪರ್‌ಲಿಂಕ್ ಹಳೇದೇ. ಮೌಸ್ ಅದರ ಮೇಲೆ ಸುಮ್ನೆ ಇಟ್ಟು ನೋಡಿ, ನಿಜವಾದ ವಿಳಾಸ ಕಾಣುತ್ತೆ. ವರ್ಡ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಹೈಪರ್‌ಲಿಂಕ್ ತಿದ್ದಿ, ಪಿಡಿಎಫ್ ಮತ್ತೆ ಮಾಡಿ. ಮೇಲ್ ಸಹಿಯಲ್ಲೂ ಇದೇ ಕಥೆ ಇರುತ್ತೆ. ಕಾರ್ಡ್ ಮೇಲೆ ಕ್ಯೂಆರ್ ಅಚ್ಚು ಹಾಕಿಸಿದ್ದರೆ ಅದರೊಳಗೂ ಹಳೇ ಲಿಂಕ್ ಇರಬಹುದು, ಫೋನಲ್ಲಿ ಸ್ಕ್ಯಾನ್ ಮಾಡಿ ನೋಡಿ.

ತುಂತುರು:
ಹೌದು, ಅದೇ ಆಗಿತ್ತು. ಸರಿ ಹೋಯ್ತು. ಮೇಲ್ ಸಹಿಯಲ್ಲೂ ಇತ್ತು. ಥ್ಯಾಂಕ್ಸ್ ಸರ್. ಗೂಗಲ್‌ನಲ್ಲಿ ಹುಡುಕಿದರೆ ಇನ್ನೂ ಹಳೇ ಹೆಸರು, ಹಳೇ ಹುದ್ದೆ ಬರ್ತಾ ಇದೆಯಲ್ಲ, ಅದಕ್ಕೆ ಏನು ಮಾಡಲಿ?

ಹಳೇ ಮೋಡೆಮ್:
ಅದು ಗೂಗಲ್ ಮತ್ತೆ ಬಂದು ಓದಿಕೊಂಡು ಹೋಗೋವರೆಗೆ ಹಾಗೇ ಇರುತ್ತೆ. ಗೂಗಲ್‌ನ `Refresh Outdated Content` ಪುಟದಲ್ಲಿ ಹಳೇ ಲಿಂಕ್ ಕೊಟ್ಟು ಕೇಳಬಹುದು.

ಕೀಲಿಮಣೆ ಕಿಟ್ಟ:
ಅಂದರೆ ಗೂಗಲ್‌ನ ಕ್ಯಾಶ್. ಈ ಸಲ ಒಪ್ಕೊಳ್ಳಿ ಸರ್.

ಹಳೇ ಮೋಡೆಮ್:
ಈ ಸಲ ಒಪ್ಕೊಂಡೆ.

ಸಂಜೆಗಾಳಿ:
ನನಗೂ ಇದೇ ಸಮಸ್ಯೆ. ಆಗ್ತಿಲ್ಲ. ಏನು ಮಾಡಲಿ?